ಗುಟ್ಟು ಬಿಟ್ಟುಕೊಡದೆ ಸಹಿ: ‘ಈ ಹಣ ನನ್ನದು’ ಎಂದು ವ್ಯಾಲೆಟ್ ತೋರಿಸಿಕೊಡುವುದು ಹೇಗೆ?

ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗ, ಎಲ್ಲ ಕಡೆಯ ಓದುಗರೂ ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. “ಬಿಟ್‌ಕಾಯಿನ್ ವ್ಯಾಲೆಟ್‌ನಲ್ಲಿ ಸೆಂಡ್ ಒತ್ತಿದಾಗ ನಮ್ಮ ಪ್ರೈವೇಟ್ ಕೀ ನೆಟ್‌ನಲ್ಲಿ ಹೋಗುತ್ತಾ? ಹೋಗಲ್ಲ ಅಂದ್ರೆ, ಇದು ನಾವೇ ಕಳಿಸಿದ್ದು ಅಂತ ಆ ಕಡೆಯವರಿಗೆ ಗೊತ್ತಾಗೋದು ಹೇಗೆ?”

ಹೋಗುವುದಿಲ್ಲ. ಪ್ರೈವೇಟ್ ಕೀ ಅಂದರೆ ಆ ಹಣ ಖರ್ಚು ಮಾಡಲು ಬೇಕಾದ ಗುಟ್ಟು, ಅದು ನಿಮ್ಮ ಹತ್ತಿರವೇ ಉಳಿಯುತ್ತದೆ. ಹೋಗುವುದು ಒಂದು ಸಹಿ ಮಾತ್ರ. ಆದರೆ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ, ಆಗಲೂಬಾರದು. ಅದಕ್ಕೇ ಇಲ್ಲಿ ಎರಡು ಕೆಲಸ ಮಾಡೋಣ. ಮೊದಲು ನಿಮ್ಮದೇ ಕಂಪ್ಯೂಟರ್‌ನಲ್ಲಿ ನಿಜವಾದ ಸಹಿ ಹಾಕಿ ನೋಡುವುದು. ಆಮೇಲೆ ಪೆನ್ನು ಕಾಗದ ಹಿಡಿದು, ಸಣ್ಣ ಸಂಖ್ಯೆಗಳಲ್ಲಿ ಅದೇ ಲೆಕ್ಕವನ್ನು ಬಿಡಿಸುವುದು. ಕೂಡುವುದು, ಗುಣಿಸುವುದು, ಭಾಗಿಸಿ ಶೇಷ ತೆಗೆಯುವುದು ಬಂದರೆ ಸಾಕು.

ಯುಪಿಐಗೂ ಇದಕ್ಕೂ ಇರುವ ವ್ಯತ್ಯಾಸ ಮೊದಲೇ ಗೊತ್ತಿರಲಿ. ಯುಪಿಐನಲ್ಲಿ ನೀವು ಒತ್ತುವ ಪಿನ್ ಗೂಢಲಿಪಿಯಾಗಿ ನಿಮ್ಮ ಬ್ಯಾಂಕಿಗೆ ಹೋಗುತ್ತದೆ. ಅದು ಸರಿಯೋ ತಪ್ಪೋ ಎಂದು ನೋಡುವುದು ಬ್ಯಾಂಕ್. ಅಂದರೆ ನಿಮ್ಮ ಗುಟ್ಟನ್ನು ಪರೀಕ್ಷಿಸಬಲ್ಲ ಒಬ್ಬರು ಆ ತುದಿಯಲ್ಲಿ ಇದ್ದಾರೆ. ಬಿಟ್‌ಕಾಯಿನ್ ವ್ಯಾಲೆಟ್‌ಗೆ ಹಾಗೆ ಯಾರೂ ಇಲ್ಲ. ಗುರುತು ಪರಿಚಯ ಇಲ್ಲದ ಸಾವಿರಾರು ಕಂಪ್ಯೂಟರ್‌ಗಳು ನಿಮ್ಮ ಪಾವತಿಯನ್ನು ಪರಿಶೀಲಿಸುತ್ತವೆ, ಅವುಗಳಲ್ಲಿ ಒಂದಕ್ಕೂ ನಿಮ್ಮ ಗುಟ್ಟು ತಿಳಿಯಬಾರದು. ಕ್ರಿಪ್ಟೋ ಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಇಲ್ಲ, ಅದನ್ನು ನನ್ನ ಹತ್ತಿರ ಕೇಳಬೇಡಿ.

ಏನೇನು ಬೇಕು

ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ತಂತ್ರಾಂಶ ಬೇಕು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಮೊದಲೇ ಇರುತ್ತದೆ. ವಿಂಡೋಸ್‌ನವರು ಗಿಟ್ ಬ್ಯಾಶ್ ಹಾಕಿಕೊಂಡರೆ ಅದರ ಜೊತೆಗೇ ಬರುತ್ತದೆ. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಟರ್ಮಕ್ಸ್ ಎಂಬ ಆ್ಯಪ್ ತೆರೆದು `pkg install openssl-tool` ಎಂದು ಟೈಪ್ ಮಾಡಿ. ಕೆಳಗಿನ ಆಜ್ಞೆಗಳನ್ನೆಲ್ಲ ಟೈಪ್ ಮಾಡುವುದು ಟರ್ಮಿನಲ್, ಗಿಟ್ ಬ್ಯಾಶ್ ಅಥವಾ ಟರ್ಮಕ್ಸ್ ಕಿಟಕಿಯಲ್ಲಿ. ಒಮ್ಮೆ ಇಳಿಸಿಕೊಂಡರೆ ಮುಂದಿನ ಯಾವ ಹಂತಕ್ಕೂ ನೆಟ್ ಬೇಡ. ಮಳೆಗಾಲದಲ್ಲಿ ಟವರ್ ಕೈಕೊಟ್ಟ ದಿನವೇ ಕೂತು ಮಾಡಿ ನೋಡಿ, ಸಹಿಗೆ ನೆಟ್‌ವರ್ಕ್ ಬೇಡ ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಎಚ್ಚರಿಕೆ: ಇಲ್ಲಿ ಮಾಡುವ ಕೀಲಿಗಳು ಕಲಿಯುವುದಕ್ಕೆ ಮಾತ್ರ. ಇವುಗಳ ಮೇಲೆ ನಿಜವಾದ ಹಣ ಇಡಬೇಡಿ. ಹಾಗೆಯೇ, ನಿಜವಾದ ವ್ಯಾಲೆಟ್‌ನ ಕೀಲಿಯನ್ನು ಇಲ್ಲಿಗೆ ತಂದು ಪ್ರಯೋಗ ಮಾಡಬೇಡಿ.

1. ಗುಟ್ಟಿನ ಕೀಲಿ ಮಾಡಿ

```
openssl ecparam -name secp256k1 -genkey -noout -out guttu.pem
```

`secp256k1` ಎನ್ನುವುದು ಬಿಟ್‌ಕಾಯಿನ್ ಬಳಸುವ ಗಣಿತದ ವಕ್ರರೇಖೆಯ ಹೆಸರು. ಈಗ `guttu.pem` ಕಡತದಲ್ಲಿ ನಿಮ್ಮ ಪ್ರೈವೇಟ್ ಕೀ ಕೂತಿದೆ. ಪ್ರೈವೇಟ್ ಕೀ ಅಂದರೆ ದೊಡ್ಡ ವಿಷಯವೇನಲ್ಲ, ಒಂದು ಸಂಖ್ಯೆ ಅಷ್ಟೇ. ಯಾವ ಲೆಕ್ಕಾಚಾರವೂ ಇಲ್ಲದೆ, ಸುಮ್ನೆ ಅಡ್ಡಾದಿಡ್ಡಿಯಾಗಿ ಆರಿಸಿದ ಸಂಖ್ಯೆ. ಆದರೆ ಅದನ್ನು ಆರಿಸಿದ ರಾಶಿ ಎಷ್ಟು ದೊಡ್ಡದೆಂದರೆ, ಅದರ ಗಾತ್ರ ಬರೆಯಲು 78 ಅಂಕಿ ಬೇಕು. ಒಂದೊಂದಾಗಿ ಹಾಕಿ ನೋಡಿ ಹಿಡಿಯುತ್ತೇನೆ ಎನ್ನುವವರ ಆಟ ಇಲ್ಲಿ ನಡೆಯುವುದಿಲ್ಲ.

ಇಲ್ಲಿ ಜನ ತಪ್ಪುವ ಜಾಗ: ಸಂಖ್ಯೆಯನ್ನು ತಾವೇ ಆರಿಸುವುದು. ಮನೆಯ ಸರ್ವೆ ನಂಬರ್, ಮಗಳ ಹುಟ್ಟಿದ ದಿನ, ಬಾಯಿಪಾಠ ಬರುವ ಒಂದು ಪದ್ಯದ ಸಾಲು, ಇವುಗಳಿಂದ ಕೀಲಿ ಮಾಡಿದರೆ ಸುಲಭವಾಗಿ ನೆನಪಿರುತ್ತದೆ ಅನಿಸುತ್ತದೆ. ನಿಮಗೆ ನೆನಪಿರುವುದು ಕಳ್ಳನ ಪ್ರೋಗ್ರಾಂಗೂ ಊಹೆಗೆ ಸಿಗುತ್ತದೆ. ಅಂಥ ಸಾಲುಗಳ ಪಟ್ಟಿ ಇಟ್ಟುಕೊಂಡು ಹಗಲು ರಾತ್ರಿ ಹುಡುಕುವವರು ಇದ್ದಾರೆ. ಆರಿಸುವ ಕೆಲಸ ಯಂತ್ರಕ್ಕೇ ಬಿಡಿ.

2. ಅದರಿಂದ ಪಬ್ಲಿಕ್ ಕೀ ತೆಗೆಯಿರಿ

```
openssl ec -in guttu.pem -pubout -out bahiranga.pem
```

`bahiranga.pem` ಊರಿಗೆಲ್ಲ ಹಂಚಬಹುದಾದ ಕೀಲಿ. ಗುಟ್ಟಿನಿಂದ ಇದನ್ನು ಮಾಡಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಇದರಿಂದ ಗುಟ್ಟಿಗೆ ವಾಪಸ್ ಹೋಗುವ ದಾರಿ ಮಾತ್ರ ಇವತ್ತಿನ ಯಾವ ಕಂಪ್ಯೂಟರ್‌ಗೂ ಸಿಕ್ಕಿಲ್ಲ. ಹೀಗೆ ಒಂದೇ ಕಡೆಗೆ ಓಡುವ ಲೆಕ್ಕವನ್ನು ಬಳಸಿಕೊಳ್ಳಬಹುದು ಎಂದು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ಪ್ರಕಟಿಸಿದರು. ಡಿಜಿಟಲ್ ಸಹಿಯ ಕಲ್ಪನೆಯೂ ಅದೇ ಪ್ರಬಂಧದಲ್ಲಿದೆ.

3. ಸಹಿ ಹಾಕಿ

```
printf 'Koppa angadige 500' > pavati.txt
openssl dgst -sha256 -sign guttu.pem -out sahi.bin pavati.txt
```

ಮೊದಲ ಸಾಲು ಒಂದು ಪುಟ್ಟ ಪಾವತಿ ಚೀಟಿ ಬರೆಯುತ್ತದೆ. ಎರಡನೆಯದು ಎರಡು ಕೆಲಸ ಮಾಡುತ್ತದೆ. ಮೊದಲಿಗೆ ಚೀಟಿಯ ಹ್ಯಾಶ್ ತೆಗೆಯುತ್ತದೆ. ಹ್ಯಾಶ್ ಅಂದರೆ ಎಷ್ಟೇ ಉದ್ದದ ಬರಹ ಕೊಟ್ಟರೂ 256 ಬಿಟ್‌ಗಳ ಒಂದೇ ಸಂಖ್ಯೆಯಾಗಿ ಇಳಿಸುವ ಲೆಕ್ಕ. ಬರಹದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗುತ್ತದೆ. ಆಮೇಲೆ ಆ ಸಂಖ್ಯೆಯನ್ನೂ ನಿಮ್ಮ ಗುಟ್ಟನ್ನೂ ಸೇರಿಸಿ ಸಹಿ ಮಾಡುತ್ತದೆ. `sahi.bin` ಸಾಮಾನ್ಯವಾಗಿ 70ರಿಂದ 72 ಬೈಟ್ ಇರುತ್ತದೆ, ಒಂದು ಎಸ್‌ಎಂಎಸ್‌ಗಿಂತ ಚಿಕ್ಕದು.

4. ಬೇರೆಯವರ ಕುರ್ಚಿಯಲ್ಲಿ ಕೂತು ಪರಿಶೀಲಿಸಿ

ಈಗ ನೀವು ಕೊಪ್ಪದ ಅಂಗಡಿಯವರು ಎಂದುಕೊಳ್ಳಿ. ನಿಮ್ಮ ಹತ್ತಿರ ಇರುವುದು ಚೀಟಿ, ಸಹಿ ಮತ್ತು ಪಬ್ಲಿಕ್ ಕೀ. `guttu.pem` ಇಲ್ಲ.

```
openssl dgst -sha256 -verify bahiranga.pem -signature sahi.bin pavati.txt
```

`Verified OK` ಎಂದು ಬರಬೇಕು. ಆಜ್ಞೆಯನ್ನು ಇನ್ನೊಮ್ಮೆ ನೋಡಿ, ಅದರಲ್ಲಿ ಗುಟ್ಟಿನ ಕಡತದ ಹೆಸರೇ ಇಲ್ಲ. ಬೇಕಾದರೆ ಆ ಕಡತವನ್ನು ಪೆನ್‌ಡ್ರೈವ್‌ಗೆ ಸಾಗಿಸಿ, ಕಂಪ್ಯೂಟರ್‌ನಿಂದ ಅಳಿಸಿ, ಮತ್ತೆ ಓಡಿಸಿ. ಉತ್ತರ ಅದೇ. (6ನೇ ಹಂತಕ್ಕೆ ಕಡತ ಮತ್ತೆ ಬೇಕು, ಕಳೆದುಕೊಳ್ಳಬೇಡಿ.)

ಈಗ ಚೀಟಿ ತಿದ್ದೋಣ. 500 ಇದ್ದದ್ದು 5000 ಆಗಲಿ.

```
sed 's/500/5000/' pavati.txt > tiddida.txt
openssl dgst -sha256 -verify bahiranga.pem -signature sahi.bin tiddida.txt
```

`Verification failure`. ಕಾಗದದ ಚೆಕ್ಕಿನಲ್ಲಿ ಸೊನ್ನೆ ಸೇರಿಸಿದರೂ ಕೆಳಗಿನ ಸಹಿ ಹಾಗೇ ಇರುತ್ತದೆ. ಇಲ್ಲಿ ಸಹಿಯೇ ಬರಹಕ್ಕೆ ತಕ್ಕಂತೆ ಹುಟ್ಟಿರುವುದರಿಂದ ಹಳೆಯ ಸಹಿ ಹೊಸ ಬರಹಕ್ಕೆ ಕೂರುವುದಿಲ್ಲ.

ಆದರೆ ಏನೂ ತಿದ್ದದೆಯೂ ಕೆಲವರಿಗೆ `Verification failure` ಬರುತ್ತದೆ. ಕಾರಣ ಹೆಚ್ಚಾಗಿ ಕಣ್ಣಿಗೆ ಕಾಣದ ಅಕ್ಷರ. ಚೀಟಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಯಲ್ಲಿ ಒಂದು ಎಂಟರ್ ಒತ್ತಿ ಸೇವ್ ಮಾಡಿದರೂ ಅದು ಬೇರೆಯೇ ಚೀಟಿ. ಕನ್ನಡದಲ್ಲಿ ಬರೆದರೆ ಇನ್ನೂ ಒಂದು ತೊಡಕಿದೆ. ‘ಕೊಪ್ಪ’ ಎಂಬ ಹೆಸರನ್ನೇ ನೋಡಿ. ಯೂನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ‘ಕೊಪ್ಪ’ ಎಂದೇ ಕಾಣುತ್ತವೆ. ಒಳಗೆ ಮೊದಲನೆಯದು 15 ಬೈಟ್, ಎರಡನೆಯದು 18 ಬೈಟ್. ಹ್ಯಾಶ್ ನೋಡುವುದು ಬೈಟ್‌ಗಳನ್ನು, ನಮ್ಮ ಹಾಗೆ ಅಕ್ಷರದ ರೂಪವನ್ನಲ್ಲ. ಚೀಟಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಸಿದ್ದು ಇದಕ್ಕೇ. ಎರಡು ಕಡತ ಒಂದೇ ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ `wc -c pavati.txt` ಹಾಕಿ ಬೈಟ್ ಎಣಿಸಿ. ಸಹಿ ಹಾಕಿದ ಬರಹವನ್ನು ವಾಟ್ಸಾಪ್‌ನಿಂದ ನಕಲು ಮಾಡಿ ಅಂಟಿಸುವ ಬದಲು ಕಡತವಾಗಿಯೇ ಕಳಿಸಿ.

5. ಈಗ ಪೆನ್ನು ಕಾಗದ: ಒಳಗಿನ ಲೆಕ್ಕ

ಮುಖ್ಯ ಭಾಗ ಇದು. ಇಲ್ಲಿ ಮಾಡುವುದು ಶ್ನಾರ್ ಸಹಿ. ಜರ್ಮನಿಯ ಗಣಿತಜ್ಞ ಕ್ಲಾಸ್ ಶ್ನಾರ್ ಕಂಡುಹಿಡಿದ ವಿಧಾನ, ಬಿಟ್‌ಕಾಯಿನ್‌ಗೆ 2021ರ ನವೆಂಬರ್‌ನಲ್ಲಿ ಟ್ಯಾಪ್‌ರೂಟ್ ಎಂಬ ಬದಲಾವಣೆಯ ಜೊತೆ ಬಂತು. ಮೇಲೆ ಓಪನ್‌ಎಸ್‌ಎಸ್‌ಎಲ್ ಹಾಕಿದ್ದು ಇದರ ದಾಯಾದಿ, ಇಸಿಡಿಎಸ್‌ಎ ಎಂದು ಹೆಸರು. ಅದರ ಸೂತ್ರ ಸ್ವಲ್ಪ ಜಾಸ್ತಿ ಗೋಜಲು. ತಿರುಳು ಎರಡರಲ್ಲೂ ಒಂದೇ, ಹಾಗಾಗಿ ಸುಲಭದ್ದನ್ನು ಹಿಡಿಯೋಣ.

ನಮ್ಮ ಆಟದ ನಿಯಮ ಹೀಗೆ. 2ನ್ನು 2ರಿಂದ ಗುಣಿಸುತ್ತಾ ಹೋಗಿ. ಉತ್ತರ 23 ದಾಟಿದಾಗಲೆಲ್ಲ 23ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ.

```
n   :  1  2  3  4  5  6  7  8  9 10 11
2^n :  2  4  8 16  9 18 13  3  6 12  1
```

11ನೇ ಸಲಕ್ಕೆ 1 ಬಂತು, ಅಲ್ಲಿಂದ ಮತ್ತೆ ಮೊದಲಿನಿಂದ ಸುತ್ತುತ್ತದೆ. ಆದ್ದರಿಂದ ಮೇಲಿನ ಸಾಲಿನ ಲೆಕ್ಕವನ್ನೆಲ್ಲ 11ರ ಶೇಷದಲ್ಲೂ, ಕೆಳಗಿನ ಸಾಲಿನದ್ದನ್ನು 23ರ ಶೇಷದಲ್ಲೂ ಮಾಡಬೇಕು. ಇವೆರಡನ್ನು ಕಲಸಿಬಿಟ್ಟರೆ ಉತ್ತರ ತಪ್ಪುತ್ತದೆ. ಲೆಕ್ಕ ಬರಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಕೆಳಗಿನ ಸಾಲು ಎಷ್ಟು ಅಡ್ಡಾದಿಡ್ಡಿ ಇದೆ ನೋಡಿ. 7 ಗೊತ್ತಿದ್ದರೆ 13 ತಲುಪುವುದು ಸುಲಭ. 13 ಕೊಟ್ಟು ‘ಇದು ಎಷ್ಟನೇ ಘಾತ?’ ಎಂದರೆ ಪಟ್ಟಿ ಹುಡುಕದೆ ಬೇರೆ ಉಪಾಯ ಕಾಣುವುದಿಲ್ಲ. ನಮ್ಮ ಪಟ್ಟಿಯಲ್ಲಿ 11 ಮನೆ ಇರುವುದರಿಂದ ಹುಡುಕಿಬಿಡಬಹುದು. ನಿಜದಲ್ಲಿ 78 ಅಂಕಿಯಷ್ಟು ಮನೆಗಳಿವೆ, ಆ ಪಟ್ಟಿಯನ್ನು ಯಾರೂ ಬರೆಯಲಾರರು. ಪಟ್ಟಿ ಬರೆಯದೆ ಹುಡುಕುವ ಜಾಣ ದಾರಿಗಳೂ ಇವೆ, ಅವುಗಳಿಗೂ ಕೈಗೆಟುಕದಷ್ಟು ಕೆಲಸ ಅದು. (ಬಿಟ್‌ಕಾಯಿನ್‌ನಲ್ಲಿ ಘಾತದ ಬದಲು ವಕ್ರರೇಖೆಯ ಮೇಲಿನ ಒಂದು ಬಿಂದುವನ್ನು ಮತ್ತೆ ಮತ್ತೆ ಕೂಡುತ್ತಾರೆ. ಸಮೀಕರಣದ ಆಕಾರ ಬದಲಾಗುವುದಿಲ್ಲ.)

ಕೀಲಿಗಳು: ಗುಟ್ಟು `x = 7`. ಪಟ್ಟಿಯ ಪ್ರಕಾರ ಪಬ್ಲಿಕ್ ಕೀ `Y = 13`. ಊರಿಗೆಲ್ಲ 13 ಗೊತ್ತು. 7 ನಿಮಗೆ ಮಾತ್ರ ಗೊತ್ತು.

ಸಹಿ ಹಾಕುವವರ ಕೆಲಸ ಇಷ್ಟು:

ಮೊದಲು ಈ ಒಂದು ಸಹಿಗೆಂದೇ ಹೊಸ ಗುಟ್ಟು ಸಂಖ್ಯೆ ಆರಿಸಬೇಕು. ಇದಕ್ಕೆ ನಾನ್ಸ್ ಎನ್ನುತ್ತಾರೆ, ಒಂದು ಸಲಕ್ಕೆ ಮಾತ್ರ ಬಳಸುವ ಸಂಖ್ಯೆ ಎಂದರ್ಥ. `k = 4` ಇರಲಿ. ಪಟ್ಟಿ ನೋಡಿ ಅದರ ಬಹಿರಂಗ ರೂಪ `R = 16`.

ಆಮೇಲೆ ಚೀಟಿಯನ್ನೂ R ಅನ್ನೂ ಪಬ್ಲಿಕ್ ಕೀಯನ್ನೂ ಒಟ್ಟಿಗೆ ಹ್ಯಾಶ್ ಮಾಡಬೇಕು. ನಮ್ಮ ಪುಟ್ಟ ಲೆಕ್ಕದಲ್ಲಿ ಹ್ಯಾಶ್‌ನಿಂದ `e = 5` ಬಂತು ಎಂದುಕೊಳ್ಳಿ.

ಕೊನೆಗೆ ಕೂಡಬೇಕು:

```
s = k + e*x = 4 + 5*7 = 39,   11ರ ಶೇಷ = 6
```

ಸಹಿ ಅಂದರೆ ಈ ಜೋಡಿ: `R = 16, s = 6`. ನೆಟ್‌ನಲ್ಲಿ ಹೋಗುವುದು ಇದೇ. 7 ಹೋಗುವುದಿಲ್ಲ, 4 ಕೂಡ ಹೋಗುವುದಿಲ್ಲ.

ಪರಿಶೀಲಿಸುವವರು ಚೀಟಿ, R ಮತ್ತು ಪಬ್ಲಿಕ್ ಕೀ ನೋಡಿ ತಾವೇ ಹ್ಯಾಶ್ ಮಾಡಿ `e = 5` ತಲುಪುತ್ತಾರೆ. ನಂತರ ಎರಡು ಕಡೆ ಲೆಕ್ಕ ಹಾಕುತ್ತಾರೆ.

```
ಎಡಗಡೆ : 2^s     = 2^6     = 18
ಬಲಗಡೆ : R * Y^e = 16 * 13^5
```

13ರ 5ನೇ ಘಾತ ಹೀಗೆ: 13×13 = 169, 23ರ ಶೇಷ 8. ಇದು ಎರಡನೇ ಘಾತ. 8×8 = 64, ಶೇಷ 18. ಇದು ನಾಲ್ಕನೆಯದು. 18×13 = 234, ಶೇಷ 4. ಇದು ಐದನೆಯದು. ಈಗ 16×4 = 64, ಶೇಷ 18. ಎರಡೂ ಕಡೆ 18. ಸಹಿ ಸರಿ.

ಇದು ಹೇಗೆ ಸರಿಹೋಯಿತು? s ಎಂದರೆ k ಮತ್ತು e·x ಕೂಡಿದ್ದು. 2ರ ಘಾತಕ್ಕೆ ಏರಿಸಿದಾಗ ಆ ಕೂಡುವಿಕೆ ಗುಣಾಕಾರವಾಗುತ್ತದೆ. k ಇರುವ ಜಾಗದಲ್ಲಿ R ಬರುತ್ತದೆ, x ಇರುವ ಜಾಗದಲ್ಲಿ Y ಬರುತ್ತದೆ. ಅಂದರೆ ಗುಟ್ಟುಗಳ ನಡುವಿನ ಸಂಬಂಧವನ್ನು ಅವುಗಳ ಬಹಿರಂಗ ರೂಪಗಳಲ್ಲೇ ತಾಳೆ ನೋಡಬಹುದು.

ಹಾಗಾದರೆ 6 ಎಂಬ s ನೋಡಿ ಯಾರಾದರೂ 7ನ್ನು ಹಿಡಿಯಬಹುದಾ? ಹಿಡಿಯಲು ಕೂತವನ ಮುಂದೆ ಇರುವುದು `6 = k + 5x`. ಸಮೀಕರಣ ಒಂದು, ಗೊತ್ತಿಲ್ಲದವು ಎರಡು. x 3 ಎಂದು ಊಹಿಸಿದರೆ k 2 ಆಗಿ ಕೂರುತ್ತದೆ. x 9 ಎಂದರೆ k 5 ಆಗುತ್ತದೆ. ಯಾವ x ಹೇಳಿದರೂ ಅದಕ್ಕೊಂದು k ಸಿಗುತ್ತದೆ, ಹಾಗಾಗಿ s ಒಂದರಿಂದಲೇ ಏನೂ ಸಿಗುವುದಿಲ್ಲ. R = 16 ಕೈಯಲ್ಲಿದೆಯಲ್ಲ, ಅದರಿಂದ k ತೆಗೆಯಬಹುದಲ್ಲ ಎಂದರೆ, ಮತ್ತೆ ಆ ಬರೆಯಲಾಗದ ಪಟ್ಟಿಯನ್ನೇ ಹುಡುಕಬೇಕು.

ಇನ್ನೊಂದು ಪ್ರಶ್ನೆಯನ್ನು ಚುರುಕಾದ ಓದುಗರು ಕೇಳುತ್ತಾರೆ. “ಹ್ಯಾಶ್ ಒಳಗೆ R ಯಾಕೆ ಹಾಕಬೇಕು? ಚೀಟಿ ಒಂದೇ ಸಾಲದಾ?” ಸಾಲದು. ಯಾಕೆ ಎಂದು ನಾವೇ ಕಳ್ಳರಾಗಿ ನೋಡೋಣ. e ಚೀಟಿಯಿಂದ ಮಾತ್ರ ಬರುತ್ತದೆ, ಅದು 5 ಎಂದಿರಲಿ. ನನಗೆ x ಗೊತ್ತಿಲ್ಲ. ನಾನು ಮೊದಲೇ `s = 3` ಎಂದು ಮನಸ್ಸಿಗೆ ಬಂದ ಸಂಖ್ಯೆ ಇಟ್ಟುಕೊಳ್ಳುತ್ತೇನೆ. ಎಡಗಡೆ 2ರ 3ನೇ ಘಾತ, 8. ಬಲಗಡೆಯಲ್ಲಿ Yಯ 5ನೇ ಘಾತ 4 ಎಂದು ಆಗಲೇ ನೋಡಿದೆವು. ಹಾಗಾದರೆ R 2 ಆಗಿದ್ದರೆ 2×4 = 8, ಸರಿಹೋಯಿತು! `R = 2, s = 3` ಎಂಬ ನಕಲಿ ಸಹಿ ಗುಟ್ಟಿಲ್ಲದೆಯೇ ತಯಾರು. ಈಗ R ಅನ್ನೂ ಹ್ಯಾಶ್ ಒಳಗೆ ಹಾಕಿದರೆ ನನ್ನ ಆಟ ಕೆಡುತ್ತದೆ. R = 2 ಎಂದು ಇಟ್ಟ ತಕ್ಷಣ e ಬದಲಾಗುತ್ತದೆ, e ಬದಲಾದರೆ ಬೇರೆ R ಬೇಕು, ಆ R ಇಟ್ಟರೆ e ಮತ್ತೆ ಬದಲಾಗುತ್ತದೆ. R ಮೊದಲು ಕಟ್ಟಬೇಕು, e ಆಮೇಲೆ ಹುಟ್ಟಬೇಕು. ಆ ಕ್ರಮದಲ್ಲಿ s ತುಂಬಲು x ಇದ್ದವರಿಗೆ ಮಾತ್ರ ಸಾಧ್ಯ. 11 ಮನೆಯ ನಮ್ಮ ಲೆಕ್ಕದಲ್ಲಿ ಅದೃಷ್ಟದಿಂದ ಹನ್ನೊಂದರಲ್ಲಿ ಒಂದು ಸಲ ಮೋಸ ನಡೆದೀತು. 78 ಅಂಕಿಯ ಲೆಕ್ಕದಲ್ಲಿ ಆ ಅದೃಷ್ಟ ಯಾರಿಗೂ ಕೂಡಿಬರುವುದಿಲ್ಲ.

6. ಒಂದೇ ಸಂಖ್ಯೆ ಎರಡು ಸಲ ಬಳಸಿದರೆ ಗುಟ್ಟು ರಟ್ಟು

ಮೇಲಿನ ಲೆಕ್ಕದಲ್ಲಿ ಒಂದು ಸಣ್ಣ ಸಂಖ್ಯೆಯನ್ನು ಜನ ಮರೆತುಬಿಡುತ್ತಾರೆ, `k`. ಪ್ರೈವೇಟ್ ಕೀಯಷ್ಟೇ ಅದೂ ಮುಖ್ಯ. ಎರಡನೇ ಚೀಟಿಗೂ ಹಳೆಯ `k = 4` ಬಳಸಿದೆವು ಎಂದುಕೊಳ್ಳಿ. ಹೊಸ ಚೀಟಿಗೆ `e = 9` ಬಂತು.

```
s = 4 + 9*7 = 67,   11ರ ಶೇಷ = 1
```

ಎರಡೂ ಸಹಿ ಈಗ ಜಗಜ್ಜಾಹೀರು. ಎರಡರಲ್ಲೂ R 16 ಎಂದು ನೋಡಿದವನಿಗೆ k ಒಂದೇ ಎಂಬುದು ತಿಳಿಯಿತು. ಅವನು ಬರೆಯುವುದು:

```
6 = k + 5x
1 = k + 9x
```

ಎರಡನೆಯದರಿಂದ ಮೊದಲನೆಯದನ್ನು ಕಳೆದರೆ k ಹೊರಟುಹೋಗುತ್ತದೆ. ಉಳಿಯುವುದು `4x = -5`, ಅಂದರೆ 11ರ ಶೇಷದಲ್ಲಿ `4x = 6`. 4×7 = 28, ಶೇಷ 6. x = 7. ಪಟ್ಟಿ ಹುಡುಕಲೇ ಇಲ್ಲ, ಬರೀ ಕಳೆಯುವ ಲೆಕ್ಕ. ಇಲ್ಲಿ 78 ಅಂಕಿ ಇದ್ದರೂ ಕಾಪಾಡುವುದಿಲ್ಲ, ಕಂಪ್ಯೂಟರ್‌ಗೆ ಕ್ಷಣದ ಕೆಲಸ.

ಇದು ಪುಸ್ತಕದ ಭಯ ಅಲ್ಲ. ಸೋನಿಯ ಪ್ಲೇಸ್ಟೇಷನ್ 3ರ ತಂತ್ರಾಂಶಕ್ಕೆ ಹಾಕುತ್ತಿದ್ದ ಇಸಿಡಿಎಸ್‌ಎ ಸಹಿಗಳಲ್ಲಿ k ಬದಲಾಗುತ್ತಲೇ ಇರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಒಂದು ಸಮ್ಮೇಳನದಲ್ಲಿ ಹ್ಯಾಕರ್‌ಗಳು ಇದನ್ನು ತೋರಿಸಿದರು. ಬಿಟ್‌ಕಾಯಿನ್‌ಗೆ ಪೆಟ್ಟು ಬಿದ್ದದ್ದು 2013ರ ಆಗಸ್ಟ್‌ನಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಅಡ್ಡಾದಿಡ್ಡಿ ಸಂಖ್ಯೆ ಕೊಡುವ ಭಾಗದಲ್ಲಿ ದೋಷವಿತ್ತು, ಕೆಲವು ವ್ಯಾಲೆಟ್‌ಗಳು ಒಂದೇ k ಮತ್ತೆ ಬಳಸಿದವು, ಹಣ ಹೋಯಿತು. ಅದೇ ವರ್ಷ ಆರ್‌ಎಫ್‌ಸಿ 6979 ಎಂಬ ವಿಧಾನ ಪ್ರಕಟವಾಯಿತು. ಅದರಲ್ಲಿ k ಅನ್ನು ಪ್ರೈವೇಟ್ ಕೀ ಮತ್ತು ಚೀಟಿಯ ಹ್ಯಾಶ್‌ನಿಂದಲೇ ಲೆಕ್ಕ ಹಾಕಿ ತೆಗೆಯುತ್ತಾರೆ. ಚೀಟಿ ಬದಲಾದರೆ k ತಾನಾಗಿ ಬದಲಾಗುತ್ತದೆ, ಫೋನಿನ ಅದೃಷ್ಟವನ್ನು ನಂಬಬೇಕಾಗಿಲ್ಲ. ಈಗಿನ ಒಳ್ಳೆಯ ವ್ಯಾಲೆಟ್‌ಗಳು ಇದನ್ನೋ, ಇದೇ ಬಗೆಯ ಇನ್ನೊಂದನ್ನೋ ಬಳಸುತ್ತವೆ.

ನಿಮ್ಮ ಕಂಪ್ಯೂಟರ್‌ನಲ್ಲೂ k ಅನ್ನು ಪರೋಕ್ಷವಾಗಿ ನೋಡಬಹುದು. ಅದೇ ಚೀಟಿಗೆ ಇನ್ನೊಂದು ಸಹಿ ಹಾಕಿ, ಎರಡನ್ನೂ ಬಿಚ್ಚಿ ನೋಡಿ.

```
openssl dgst -sha256 -sign guttu.pem -out sahi2.bin pavati.txt
openssl asn1parse -inform DER -in sahi.bin
openssl asn1parse -inform DER -in sahi2.bin
```

ಪ್ರತಿ ಸಹಿಯಲ್ಲೂ `INTEGER` ಎಂಬ ಎರಡು ಸಾಲು ಕಾಣುತ್ತವೆ. ಮೊದಲನೆಯದು ನಮ್ಮ R ಇದ್ದ ಹಾಗೆ, kಯ ಬಹಿರಂಗ ರೂಪ. ಎರಡನೆಯದು s. ಚೀಟಿ ಅದೇ, ಕೀಲಿ ಅದೇ, ಆದರೂ ಎರಡು ಸಹಿಗಳ ಮೊದಲ `INTEGER` ಬೇರೆ ಬೇರೆ ಇರುತ್ತದೆ. ಓಪನ್‌ಎಸ್‌ಎಸ್‌ಎಲ್ ಪ್ರತಿ ಸಲ ಹೊಸ k ಆರಿಸುತ್ತದೆ. ಎರಡೂ ಸಹಿಗಳು `Verified OK` ಆಗುತ್ತವೆ. ಬೇರೆ ಬೇರೆ ಚೀಟಿಗಳ ಸಹಿಗಳಲ್ಲಿ ಆ ಮೊದಲ ಸಂಖ್ಯೆ ಒಂದೇ ಕಂಡರೆ, ಆ ಕೀಲಿ ಕಳುವಾಯಿತು ಎಂದೇ ತಿಳಿಯಿರಿ.

7. ವ್ಯಾಲೆಟ್ ಒಳಗೆ ಇದೇ ಹೇಗೆ ನಡೆಯುತ್ತದೆ

ನೀವು ಹೊಸನಗರದಲ್ಲಿದ್ದೀರಿ. ನಿಮ್ಮ ವಿಳಾಸಕ್ಕೆ ಹಿಂದೊಮ್ಮೆ ಬಂದ 50,000 ಸಾತೋಶಿ ಇದೆ (10 ಕೋಟಿ ಸಾತೋಶಿಗೆ ಒಂದು ಬಿಟ್‌ಕಾಯಿನ್). ಬೆಂಗಳೂರಿನ ಗೆಳೆಯನಿಗೆ 20,000 ಕಳಿಸಬೇಕು. ವ್ಯಾಲೆಟ್ ಬರೆಯುವ ಚೀಟಿಯಲ್ಲಿ ಹೀಗಿರುತ್ತದೆ: ಹಿಂದೆ ಬಂದ ಆ 50,000ವನ್ನು ಖರ್ಚು ಮಾಡುತ್ತಿದ್ದೇನೆ, 20,000 ಗೆಳೆಯನ ವಿಳಾಸಕ್ಕೆ, 29,500 ಚಿಲ್ಲರೆ ನನ್ನದೇ ಇನ್ನೊಂದು ವಿಳಾಸಕ್ಕೆ. ಉಳಿದ 500 ಬಿಟ್‌ಕಾಯಿನ್‌ನ ಲೆಕ್ಕಪುಸ್ತಕಕ್ಕೆ ಪಾವತಿಗಳನ್ನು ಸೇರಿಸುವ ಮೈನರ್‌ಗಳಿಗೆ ಶುಲ್ಕ, ಅದನ್ನು ಬೇರೆಯಾಗಿ ಬರೆಯುವುದಿಲ್ಲ. ಚಿಲ್ಲರೆಯ ಸಾಲು ನೋಡಿ ‘ನನ್ನ ಹಣ ಯಾರಿಗೋ ಹೋಯ್ತು’ ಎಂದು ಗಾಬರಿಯಾಗುವವರು ಬಹಳ ಜನ. ಅದು ನಿಮ್ಮದೇ ವಿಳಾಸ.

ವ್ಯಾಲೆಟ್ ಈ ಚೀಟಿಯನ್ನು ಹ್ಯಾಶ್ ಮಾಡುತ್ತದೆ, ಫೋನಿನೊಳಗೇ ಸಹಿ ಹಾಕುತ್ತದೆ, ಸಹಿಯನ್ನು ಚೀಟಿಗೆ ಅಂಟಿಸುತ್ತದೆ. ಇಷ್ಟರವರೆಗೆ ನೆಟ್ ಬೇಡ. ಆಗುಂಬೆಯ ಮಳೆಯಲ್ಲಿ ಸಿಗ್ನಲ್ ಇಲ್ಲದಿದ್ದರೂ ಸಹಿ ಹಾಕಿಟ್ಟು, ಶಿವಮೊಗ್ಗಕ್ಕೆ ಬಂದಮೇಲೆ ಕಳಿಸಬಹುದು. ಹಾರ್ಡ್‌ವೇರ್ ವ್ಯಾಲೆಟ್ ಎಂಬ ಪುಟ್ಟ ಸಾಧನಗಳು ನಿಂತಿರುವುದು ಇದರ ಮೇಲೆಯೇ. ಕೀಲಿ ಆ ಸಾಧನ ಬಿಟ್ಟು ಹೊರಗೆ ಬರುವುದಿಲ್ಲ, ಚೀಟಿ ಒಳಗೆ ಹೋಗುತ್ತದೆ, ಸಹಿ ಹೊರಗೆ ಬರುತ್ತದೆ. ಟೆಂಡರ್ ಹಾಕುವ ಗುತ್ತಿಗೆದಾರರ ಹತ್ತಿರ ಇರುವ ಡಿಎಸ್‌ಸಿ ಎಂಬ ಡಿಜಿಟಲ್ ಸಹಿಯ ಟೋಕನ್ ಕೂಡ ಇದೇ ಜಾತಿಯದು.

ಚೀಟಿ ತಲುಪಿದ ಕಂಪ್ಯೂಟರ್‌ಗಳು ಸಹಿ ತಾಳೆ ನೋಡುತ್ತವೆ. `bc1q` ಎಂದು ಶುರುವಾಗುವ ಸಾಮಾನ್ಯ ವಿಳಾಸಗಳಲ್ಲಿ ಇರುವುದು ಪಬ್ಲಿಕ್ ಕೀಯ ಹ್ಯಾಶ್. ಖರ್ಚು ಮಾಡುವಾಗ ಪಬ್ಲಿಕ್ ಕೀ ಚೀಟಿಯ ಜೊತೆ ಬರುತ್ತದೆ, ಅದರ ಹ್ಯಾಶ್ ವಿಳಾಸಕ್ಕೆ ಹೊಂದುತ್ತದಾ ಎಂದು ಮೊದಲು ನೋಡುತ್ತಾರೆ. ಅಲ್ಲಿ ಇಸಿಡಿಎಸ್‌ಎ ಸಹಿ. `bc1p` ವಿಳಾಸಗಳಲ್ಲಿ ಪಬ್ಲಿಕ್ ಕೀ ವಿಳಾಸದೊಳಗೇ ಇರುತ್ತದೆ, ಅಲ್ಲಿ ಶ್ನಾರ್ ಸಹಿ. ದಾರಿಯಲ್ಲಿ ಯಾರಾದರೂ ಗೆಳೆಯನ ವಿಳಾಸ ತೆಗೆದು ತಮ್ಮದು ಹಾಕಿದರೆ e ಬದಲಾಗಿ ತಾಳೆ ತಪ್ಪುತ್ತದೆ. ಸಹಿಯನ್ನು ನಕಲು ಮಾಡಿ ಇನ್ನೊಂದು ಪಾವತಿಗೆ ಅಂಟಿಸಿದರೂ ಅದೇ ಗತಿ. ಒಂದೇ 50,000ವನ್ನು ಎರಡು ಕಡೆ ಖರ್ಚು ಮಾಡುವುದನ್ನು ಮಾತ್ರ ಸಹಿ ತಡೆಯಲಾರದು. ನೀವೇ ಎರಡು ಚೀಟಿಗೆ ಸಹಿ ಹಾಕಿದರೆ ಎರಡೂ ಸಹಿ ಸರಿಯೇ. ಅದನ್ನು ತಡೆಯುವುದು ಬ್ಲಾಕ್‌ಚೈನ್ ಎಂಬ ಆ ಬಹಿರಂಗ ಲೆಕ್ಕಪುಸ್ತಕ, ಅದರ ಕಥೆ ಬೇರೆ.

8. ಕಳ್ಳರು ಬರುವ ದಾರಿ

ಈ ಗಣಿತವನ್ನು ಯಾರೂ ಒಡೆಯಲು ಹೋಗುವುದಿಲ್ಲ. ಹೋಗುವುದು ಅದರ ಎರಡು ಪಕ್ಕಗಳಿಂದ.

ಒಂದು, ಕೀಲಿಯನ್ನೇ ಕೇಳುವುದು. ನಿಮ್ಮ ವ್ಯಾಲೆಟ್ ಶುರುವಿನಲ್ಲಿ ಕೊಟ್ಟ 12 ಅಥವಾ 24 ಪದಗಳಿಂದಲೇ ಎಲ್ಲ ಪ್ರೈವೇಟ್ ಕೀಗಳೂ ಹುಟ್ಟುತ್ತವೆ. ‘ವ್ಯಾಲೆಟ್ ವೆರಿಫೈ ಮಾಡಬೇಕು, ಪದಗಳನ್ನು ಇಲ್ಲಿ ಹಾಕಿ’ ಎನ್ನುವ ಪುಟ ಅಥವಾ ಕರೆ ಬಂದರೆ 4ನೇ ಹಂತ ನೆನಪಿಸಿಕೊಳ್ಳಿ. ವೆರಿಫೈ ಮಾಡುವವರಿಗೆ ಗುಟ್ಟಿನ ಕಡತ ಬೇಕಾಗಲೇ ಇಲ್ಲ. ಕೇಳುವವನು ವೆರಿಫೈ ಮಾಡಲು ಬಂದವನಲ್ಲ.

ಎರಡು, ನಿಮ್ಮಿಂದಲೇ ತಪ್ಪು ಚೀಟಿಗೆ ಸಹಿ ಹಾಕಿಸುವುದು. ನೀವು ವಿಳಾಸ ನಕಲು ಮಾಡಿ ಅಂಟಿಸುವ ನಡುವೆ ಅದನ್ನು ಬದಲಿಸುವ ವೈರಸ್‌ಗಳಿವೆ. ಸಹಿ ಆಗ ಅಚ್ಚುಕಟ್ಟಾಗಿ, ಸರಿಯಾಗಿಯೇ ಬೀಳುತ್ತದೆ, ಕಳ್ಳನ ವಿಳಾಸದ ಮೇಲೆ. ಕಳಿಸುವ ಮೊದಲು ವಿಳಾಸವನ್ನು ಪೂರ್ತಿ ಓದಿ, ಮೊದಲ ನಾಲ್ಕು ಕೊನೆಯ ನಾಲ್ಕು ಅಕ್ಷರ ನೋಡಿ ಬಿಡಬೇಡಿ. ತುದಿಗಳು ಹೊಂದುವ ವಿಳಾಸ ತಯಾರಿಸುವುದು ಕಷ್ಟವಲ್ಲ. ಹಾರ್ಡ್‌ವೇರ್ ವ್ಯಾಲೆಟ್ ಇದ್ದರೆ ಅದರ ಪರದೆಯಲ್ಲಿ ಬಂದದ್ದನ್ನು ಓದಿ, ಕಂಪ್ಯೂಟರ್ ಪರದೆಯದ್ದನ್ನಲ್ಲ.

ಸಹಿ ಹೇಳುವುದು ‘ಈ ಕೀಲಿ ಇದ್ದವರು ಒಪ್ಪಿದ್ದಾರೆ’ ಎಂದು ಮಾತ್ರ. ಕೀಲಿ ಹಿಡಿದ ಕೈ ಯಾರದ್ದು ಎಂದು ಅದು ಹೇಳುವುದಿಲ್ಲ. ಕದ್ದ ಕೀಲಿಯ ಸಹಿಗೂ ನಿಮ್ಮ ಸಹಿಗೂ ನೆಟ್‌ವರ್ಕ್ ದೃಷ್ಟಿಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ, ದೂರು ಕೊಟ್ಟು ಪಾವತಿ ವಾಪಸ್ ತರಿಸಲು ಮ್ಯಾನೇಜರ್ ಕೂಡ ಇಲ್ಲ. ಕ್ರಿಪ್ಟೋ ಕೊಂಡು ಮಾರುವ ಎಕ್ಸ್‌ಚೇಂಜ್ ಆ್ಯಪ್‌ನಲ್ಲಿ ಹಣ ಇಟ್ಟವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಕೀಲಿ ಅವರ ಹತ್ತಿರ ಇರುತ್ತದೆ, ನಿಮಗೆ ಇರುವುದು ಬರೀ ಲಾಗಿನ್.

ಪದಗಳನ್ನು ಯಾರೋ ನೋಡಿದರು, ಫೋಟೋ ತೆಗೆದರು ಎಂಬ ಅನುಮಾನ ಬಂದರೆ ಆ್ಯಪ್‌ನ ಪಿನ್ ಬದಲಿಸಿ ಸುಮ್ಮನಾಗಬೇಡಿ. ಪಿನ್ ಕಾಯುವುದು ನಿಮ್ಮ ಫೋನನ್ನು, x ಬದಲಾಗಿರುವುದಿಲ್ಲ. ಹೊಸ ಪದಗಳಿಂದ ಹೊಸ ವ್ಯಾಲೆಟ್ ಮಾಡಿ, ಆ ಪದಗಳನ್ನು ಕಾಗದದ ಮೇಲೆ ಬರೆದುಕೊಂಡು, ಹಳೆಯ ವಿಳಾಸಗಳಲ್ಲಿ ಇರುವುದನ್ನೆಲ್ಲ ಅವತ್ತೇ ಅಲ್ಲಿಗೆ ಸಾಗಿಸಿ. ಶುಲ್ಕ ಸ್ವಲ್ಪ ಜಾಸ್ತಿ ಇಡಿ. ಕಳ್ಳನೂ ಅದೇ ಹಣಕ್ಕೆ ಸಹಿ ಹಾಕಿದರೆ, ಬ್ಲಾಕ್‌ಚೈನ್‌ಗೆ ಮೊದಲು ಸೇರಿದ ಚೀಟಿಯೇ ಉಳಿಯುತ್ತದೆ.